ಸಲಹೆಗಾರನಾಗುವ ತಮ್ಮನಿಗೆ: ಅಬೌಟ್‌ನಲ್ಲಿ ಏನು ಬರೆಯಬೇಕು

ತಮ್ಮಾ, ಸಕ್ಕರೆ ಕಾರ್ಖಾನೆಯ ಮೆಕ್ಯಾನಿಕಲ್ ವಿಭಾಗದ ನೌಕರಿ ಬಿಟ್ಟು ಸ್ವಂತವಾಗಿ ಸಲಹೆ ಕೊಡಲು ಹೊರಟಿದ್ದೀಯ. ಲಿಂಕ್ಡ್‌ಇನ್‌ನ ಅಬೌಟ್ ಭಾಗದಲ್ಲಿ 2,600 ಅಕ್ಷರಗಳಿಗೆ ಜಾಗವಿದೆ. ಆದರೆ ತೆರೆದವರಿಗೆ ಮೊದಲು ಕಾಣುವುದು ಕೆಲವೇ ಸಾಲು. ಉಳಿದದ್ದು ಒತ್ತಿ ತೆರೆದರೆ ಮಾತ್ರ. ಆ ಸಾಲುಗಳಲ್ಲಿ ನಿನ್ನ ಹುದ್ದೆ, ಅನುಭವದ ವರ್ಷ ಬರೆಯಬೇಡ. ಅವುಗಳಿಗೆ ಬೇರೆ ಜಾಗವಿದೆ.

ಓದುವವರು ಯಾರೆಂದು ನೋಡು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ, ಮೂಡಲಗಿ ಕಡೆ ಹುಣಶ್ಯಾಳದ ಸತೀಶ್ ಶುಗರ್ಸ್‌ನಂಥ ಕಾರ್ಖಾನೆಗಳ ಚೀಫ್ ಇಂಜಿನಿಯರ್. ಹಂಗಾಮಿನಲ್ಲಿ ಮಿಲ್ ನಿಂತರೆ ಕಬ್ಬಿನ ಗಾಡಿ ಸಾಲುಗಟ್ಟುತ್ತವೆ, ಕಬ್ಬು ಒಣಗುತ್ತದೆ. ಆದ್ದರಿಂದ ಮೊದಲ ಸಾಲು ಹೀಗಿರಲಿ: "ಸಕ್ಕರೆ ಕಾರ್ಖಾನೆಯ ಮಿಲ್ ವಿಭಾಗದಲ್ಲಿ ಹಂಗಾಮಿನ ನಡುವೆ ಆಗುವ ಯಾಂತ್ರಿಕ ನಿಲುಗಡೆಗೆ ಕಾರಣ ಹುಡುಕಿ, ಮುಂದಿನ ಹಂಗಾಮಿನೊಳಗೆ ಅದನ್ನು ಕಡಿಮೆ ಮಾಡಿಕೊಡುತ್ತೇನೆ."

ಆಮೇಲೆ ಒಂದು ಪುರಾವೆ ಸಾಕು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಒಂದು ಉದಾಹರಣೆ ತಗೋ: ಒಂದು ಹಂಗಾಮು 150 ದಿನ, ಮಿಲ್ ನಿಂತದ್ದು 180 ತಾಸು. ಮರುವರ್ಷ 110 ದಿನ, ನಿಂತದ್ದು 110 ತಾಸು. "180ರಿಂದ 110ಕ್ಕೆ ಇಳಿಸಿದೆ" ಎಂದು ಬರೆದರೆ ದೊಡ್ಡ ಸಾಧನೆಯಂತೆ ಕಾಣುತ್ತದೆ. ಆದರೆ ಮೊದಲನೆಯದು ಒಟ್ಟು 3,600 ತಾಸಿನಲ್ಲಿ ಶೇ. 5, ಎರಡನೆಯದು 2,640 ತಾಸಿನಲ್ಲಿ ಸುಮಾರು ಶೇ. 4.2. ಇಳಿಕೆ ನಿಜ, ಆದರೆ ಸಣ್ಣದು. ಹಳೆಯ ಚೀಫ್ ಇಂಜಿನಿಯರ್ ಮೊದಲು ಕೇಳುವುದೇ ಹಂಗಾಮು ಎಷ್ಟು ದಿನ ನಡೆಯಿತು ಎಂದು. ಕಬ್ಬು ಬಾರದೆ ಅಥವಾ ಮಳೆಯಿಂದ ನಿಂತ ತಾಸುಗಳನ್ನೂ ಬೇರೆ ಮಾಡಿ, ಯಾಂತ್ರಿಕ ಕಾರಣಗಳದ್ದನ್ನು ಮಾತ್ರ ಶೇಕಡಾವಾರಿನಲ್ಲಿ ಹೇಳು. ಜೊತೆಗೆ ನೀನು ಮಾಡಿದ ಕೆಲಸವನ್ನೂ ಬರೆ: ರೋಲರ್ ಬೇರಿಂಗ್‌ಗಳ ಉಷ್ಣತೆಯ ದಾಖಲೆ ಇಟ್ಟೆಯೋ, ಗೇರ್ ಅಲೈನ್‌ಮೆಂಟ್ ಸರಿಪಡಿಸಿದೆಯೋ. ಆ ಕೆಲಸ ತಂಡದ್ದಾಗಿದ್ದರೆ ನಿನ್ನ ಪಾಲು ಎಷ್ಟೆಂದೂ ಹೇಳು.

ಆದರೆ ಆ ಅಂಕಿ ನಿನ್ನದಲ್ಲ, ಕಾರ್ಖಾನೆಯದು. ಲಿಖಿತ ಒಪ್ಪಿಗೆ ಇಲ್ಲದೆ ಹೆಸರನ್ನೂ ಅಂಕಿಯನ್ನೂ ಒಟ್ಟಿಗೆ ಹಾಕಬೇಡ. ಒಪ್ಪಿಗೆ ಸಿಗದಿದ್ದರೆ ಅಂಕಿ ಬಿಟ್ಟು ಕೆಲಸದ ವಿಧಾನ ಮಾತ್ರ ಬರೆ. ನೌಕರಿಯ ಕರಾರಿನಲ್ಲಿ ಬೇರೆಯವರಿಗೆ ಸಲಹೆ ಕೊಡಬಾರದೆಂಬ ಷರತ್ತಿದೆಯೇ ಎಂದು ಮೊದಲು ಓದು. ರಾಜೀನಾಮೆ ಅಂಗೀಕಾರವಾಗುವವರೆಗೆ ಅಬೌಟ್ ಬದಲಿಸಬೇಡ.

ಕೊನೆಗೆ ಮೂರು ಸಾಲು: ಏನು ಮಾಡುವುದಿಲ್ಲ (ಬಾಯ್ಲರ್‌ನ ಒತ್ತಡದ ಭಾಗಗಳು ನಿನ್ನ ಕ್ಷೇತ್ರವಲ್ಲದಿದ್ದರೆ ಹಾಗೆಂದೇ ಬರೆ), ಮೊದಲ ಭೇಟಿಯ ನಂತರ ಏನು ಕೈಗೆ ಕೊಡುತ್ತೀ, ಯಾವಾಗ ಕರೆಯಬೇಕು. ರಿಪೇರಿಗೆ ಸಮಯ ಸಿಗುವುದು ಹಂಗಾಮು ಮುಗಿದ ಮೇಲೆ, ಬಿಡಿಭಾಗಗಳು ಬರಲೂ ತಿಂಗಳುಗಳು ಬೇಕು. ಆದ್ದರಿಂದ "ಏಪ್ರಿಲ್, ಮೇನಲ್ಲಿ ಕರೆಯಿರಿ" ಎಂದು ಸ್ಪಷ್ಟವಾಗಿ ಹೇಳು.

ಬರೆದದ್ದನ್ನು ಬೇರೆ ಕಾರ್ಖಾನೆಯ ಒಬ್ಬ ಹಿರಿಯ ಇಂಜಿನಿಯರ್‌ಗೆ ಓದಿ ಹೇಳು. ಅವರು "ಯಾವಾಗ ಬರ್ತೀ?" ಎಂದರೆ ಹಾಕು, "ನೀ ಏನು ಮಾಡ್ತೀ?" ಎಂದರೆ ಮತ್ತೆ ಬರೆ.