ಆಯ್ಕೆಯಾಗದವಳ ಪತ್ರ

ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ಸಹಾಯಕರ ಹುದ್ದೆ ತೆರವಾಗಿತ್ತೆಂದು ಭಾವಿಸೋಣ. ವಾಣಿಜ್ಯ ಪದವೀಧರೆಯಾದ ತರುಣಿಯೊಬ್ಬಳು ಸಂದರ್ಶನಕ್ಕೆ ಹೋಗಿಬಂದಳು. ವಾರದ ತರುವಾಯ, ಅವಳು ಆಯ್ಕೆಯಾಗಿಲ್ಲವೆಂದು ನೇಮಕಾಧಿಕಾರಿಯಿಂದ ಎರಡು ಸಾಲಿನ ಇ-ಮೇಲ್ ಬಂದಿತು. ಅವಳು ಕೂಡಲೇ ಉತ್ತರ ಬರೆದಳು:

"ಎಲ್ಲ ಪ್ರಶ್ನೆಗಳಿಗೂ ನಾನು ಸರಿಯಾಗಿಯೇ ಉತ್ತರಿಸಿದ್ದೆ. ಆದರೂ ನನ್ನನ್ನು ಏಕೆ ಆರಿಸಲಿಲ್ಲ?"

ಬರೆದಳು, ಆದರೆ ಕಳುಹಿಸಲಿಲ್ಲ. ಇದರಲ್ಲಿ ಒರಟು ಮಾತು ಒಂದೂ ಇಲ್ಲ. ದೋಷವೆಲ್ಲ 'ಆದರೂ' ಎಂಬ ಒಂದು ಪದದಲ್ಲಿದೆ. ಆ ಪದವು ಪ್ರಶ್ನೆಯನ್ನು ವಾದವನ್ನಾಗಿ ಮಾರ್ಪಡಿಸುತ್ತದೆ. ಓದುವವರು ಈಗ ಸಲಹೆ ನೀಡುವ ಬದಲು ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಅನೇಕ ವೇಳೆ ಆ ತೀರ್ಮಾನ ನೇಮಕಾಧಿಕಾರಿಯದೂ ಆಗಿರುವುದಿಲ್ಲ; ವಿಭಾಗದ ಮುಖ್ಯಸ್ಥರು ನಿರ್ಧರಿಸಿದ್ದನ್ನು ಅವರು ತಿಳಿಸುತ್ತಾರೆ, ಅಷ್ಟೆ. ಅಲ್ಲದೆ, ಬರೆದುಕೊಟ್ಟ ಕಾರಣ ಮುಂದೆ ವ್ಯಾಜ್ಯಕ್ಕೆ ಎಡೆಮಾಡೀತೆಂಬ ಅಂಜಿಕೆಯಿಂದ ಕೆಲವು ಸಂಸ್ಥೆಗಳು ಕಾರಣವನ್ನೇ ತಿಳಿಸುವುದಿಲ್ಲ. ವಾದದ ಸುಳಿವು ಕಂಡೊಡನೆ ಅಂತಹವರು ಮೌನ ತಾಳುತ್ತಾರೆ.

ಮರುದಿನ ಅವಳು ಕಳುಹಿಸಿದ ಪತ್ರ ಹೀಗಿತ್ತು:

"ಮಾನ್ಯರೇ, ತೀರ್ಮಾನವನ್ನು ತಿಳಿಸಿದ್ದಕ್ಕಾಗಿ ವಂದನೆಗಳು. ಅದನ್ನು ಬದಲಿಸಬೇಕೆಂಬುದು ನನ್ನ ಕೋರಿಕೆಯಲ್ಲ. ಇಂತಹುದೇ ಹುದ್ದೆಗಳಿಗೆ ಮುಂದೆಯೂ ಅರ್ಜಿ ಹಾಕಲಿದ್ದೇನೆ. ನಗದು ಪುಸ್ತಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಏನು ಮಾಡುವಿರೆಂಬ ಪ್ರಶ್ನೆಗೆ ನಾನಿತ್ತ ಉತ್ತರದಲ್ಲಿ ಯಾವುದನ್ನು ಸುಧಾರಿಸಿಕೊಳ್ಳಬೇಕು? ಒಂದೆರಡು ಮಾತು ಸಾಕು. ತಿಳಿಸಲು ಅವಕಾಶವಿಲ್ಲದಿದ್ದರೆ ಚಿಂತೆಯಿಲ್ಲ."

'ಬದಲಿಸಬೇಕೆಂಬುದು ನನ್ನ ಕೋರಿಕೆಯಲ್ಲ' ಎಂಬ ವಾಕ್ಯ ಓದುವವರ ಅಂಜಿಕೆಯನ್ನು ಕಳೆಯುತ್ತದೆ. ಪ್ರಶ್ನೆ ಒಂದೇ ಒಂದು. ಅದೂ ಒಂದು ಉತ್ತರವನ್ನು ಕುರಿತದ್ದು. 'ನನ್ನಲ್ಲಿ ಏನು ಕೊರತೆ?' ಎಂಬ ವಿಶಾಲ ಪ್ರಶ್ನೆಗೆ ಯಾರು ತಾನೆ ಎರಡು ಮಾತಿನಲ್ಲಿ ಉತ್ತರಿಸಬಲ್ಲರು? ಇನ್ನು, ಒಂದೆರಡು ದಿನಗಳೊಳಗೆ ಬರೆದುದರಿಂದ ಸಂದರ್ಶಕರ ನೆನಪೂ ಮಾಸಿರಲಿಲ್ಲ.

ಉತ್ತರ ಬಂದಿತು: "ನಿಯಮವನ್ನು ಸರಿಯಾಗಿ ಹೇಳಿದಿರಿ, ನೀವೇ ಮಾಡಿದ ಕೆಲಸದ ಉದಾಹರಣೆಯನ್ನು ಕೊಡಲಿಲ್ಲ."

ನಿಜವಾದ ಪರೀಕ್ಷೆ ಈಗ ಎದುರಾಯಿತು. ಅವಳ ನೆನಪಿನ ಪ್ರಕಾರ ಅವಳು ಉದಾಹರಣೆಯೊಂದನ್ನು ಕೊಟ್ಟೇ ಇದ್ದಳು. ಹಾಗೆಂದು ತಿದ್ದಿ ಬರೆದಿದ್ದರೆ ಹಳೆಯ 'ಆದರೂ' ಮತ್ತೆ ತಲೆಯೆತ್ತುತ್ತಿತ್ತು. ಕೊಟ್ಟ ಉದಾಹರಣೆ ಕೇಳಿದವರ ಮನಸ್ಸಿನಲ್ಲಿ ನಿಲ್ಲಲಿಲ್ಲವೆಂಬುದೇ ತಿಳಿಯತಕ್ಕ ಸಂಗತಿಯಾಗಿತ್ತು. "ತಿಳಿಸಿದ್ದು ಉಪಕಾರವಾಯಿತು" ಎಂದಷ್ಟೇ ಬರೆದು, ಮುಂದಿನ ಸಂದರ್ಶನಕ್ಕಾಗಿ ಒಂದು ತಿಂಗಳ ಲೆಕ್ಕವನ್ನು ತಾನು ತಾಳೆಮಾಡಿದ ಬಗೆಯನ್ನು ಅಂಕಿಗಳ ಸಹಿತ ಸಿದ್ಧಪಡಿಸಿಕೊಂಡಳು.

ಎಲ್ಲರಿಗೂ ಇಂತಹ ಉತ್ತರ ದೊರೆಯುವುದಿಲ್ಲ. ಸರ್ಕಾರಿ ಕಚೇರಿಗಳಿಗೆ ಅನ್ವಯಿಸುವ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಖಾಸಗಿ ಸಂಸ್ಥೆಯಿಂದ ನೇರವಾಗಿ ಕಾರಣ ಕೇಳಲು ಬರುವುದಿಲ್ಲ. ವಾರ ಕಳೆದರೂ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಬಹುದು. ಎರಡನೆಯ ಬಾರಿ ನೆನಪಿಸುವುದು ಪೀಡಿಸಿದಂತೆ. 'ಹೆಚ್ಚು ಸೂಕ್ತರಾದವರು ದೊರೆತರು' ಎಂಬ ಉತ್ತರ ಬಂದರೆ ಅದರಲ್ಲಿ ಗೂಢಾರ್ಥವನ್ನು ಹುಡುಕಬೇಕಾಗಿಲ್ಲ. ಅದು ಎಲ್ಲರಿಗೂ ಕಳುಹಿಸುವ ವಾಕ್ಯ.