ಉದ್ರಿ ಕಳೆದ ಮೇಲೆ ಗಿರಾಕಿ ಎಷ್ಟಕ್ಕೆ ಬೀಳುತ್ತಾನೆ

ಅಗರಖೇಡದಂಥ ಊರಿನಲ್ಲಿ ಗೊಬ್ಬರ, ಔಷಧಿ, ಹನಿ ನೀರಾವರಿ ಸಾಮಾನಿನ ಅಂಗಡಿ ಇಟ್ಟವರಿಗೆ ಮುಂಗಾರಿಗೆ ಮುಂಚೆ ಒಂದು ಪ್ರಶ್ನೆ ಎದುರಾಗುತ್ತದೆ. ಫ್ಲೆಕ್ಸ್ ಹಾಕಿಸಿ, ಆಟೋದಲ್ಲಿ ಮೈಕ್ ಕೂಗಿಸಿ, ಫೇಸ್‌ಬುಕ್ಕಿಗೂ ದುಡ್ಡು ಕಟ್ಟಬೇಕೇ? ಕಟ್ಟುವುದಾದರೆ ಎಷ್ಟು? ಉತ್ತರ ಸಿಗುವುದು ಎರಡು ಅಂಕಿಗಳಲ್ಲಿ. ಒಬ್ಬ ಹೊಸ ಗಿರಾಕಿಯನ್ನು ತರಲು ಆದ ಖರ್ಚು ಒಂದು, ಅವನು ನಮ್ಮಲ್ಲಿ ವ್ಯಾಪಾರ ಮಾಡುವಷ್ಟು ಕಾಲ ನಮಗೆ ಉಳಿಸುವ ಲಾಭ ಇನ್ನೊಂದು. ಲೆಕ್ಕ ಹಿಡಿಯಲು ಸುಲಭವಾಗಲೆಂದು ಇಲ್ಲಿ ದುಂಡು ಅಂಕಿ ಇಟ್ಟಿದ್ದೇನೆ. ನೀವು ನಿಮ್ಮ ಖಾತೆ ವಹಿಯ ಅಂಕಿ ಹಾಕಿ ನೋಡಿ.

1. ಬಂದವರನ್ನಲ್ಲ, ಮತ್ತೆ ಬಂದವರನ್ನು ಎಣಿಸಿ

ಒಂದು ಮುಂಗಾರಿಗೆ ಜಾಹೀರಾತಿಗೆ ಒಟ್ಟು ₹21,000 ಹೋಯಿತು ಎನ್ನಿ. ಫ್ಲೆಕ್ಸ್, ಆಟೋ ಬಾಡಿಗೆ, ಮೊಬೈಲ್ ಜಾಹೀರಾತು, ಬಂದವರಿಗೆ ಕೊಟ್ಟ ಟವೆಲ್ ಎಲ್ಲವೂ ಇದರಲ್ಲಿ ಬಂತು. ಹೊಸ ಮುಖ 60 ಕಂಡವು. ತಲೆಗೆ ₹350 ಬೀಳುತ್ತದೆ, ಅಗ್ಗವೆನಿಸುತ್ತದೆ. ಆದರೆ ಈ ಅರವತ್ತರಲ್ಲಿ 36 ಜನ ಯೂರಿಯಾ ಒಯ್ದವರು ಮತ್ತೆ ಈ ಕಡೆ ಹಾಯಲಿಲ್ಲ. ಹಂಗಾಮಿನಲ್ಲಿ ಎರಡನೇ ಸಲ ಬಂದವರು 24. ಖರ್ಚು ಅವರ ತಲೆಯ ಮೇಲೇ ಬೀಳಬೇಕು. ಆಗ ಒಬ್ಬರಿಗೆ ₹875.

ಯೂರಿಯಾದ ಗಿರಾಕಿ ಯಾರ ಗಿರಾಕಿಯೂ ಅಲ್ಲ. 45 ಕೆ.ಜಿ. ಚೀಲದ ಬೆಲೆ ₹266.50 ಎಂದು ಸರ್ಕಾರವೇ ಕಟ್ಟಿಟ್ಟಿದೆ, ಅದರಲ್ಲಿ ನಮಗೆ ಉಳಿಯುವುದು ಕೆಲವೇ ರೂಪಾಯಿ. ಯೂರಿಯಾದೊಂದಿಗೆ ಬೇರೆ ಮಾಲು ಕಟ್ಟಿ ಒತ್ತಾಯದಿಂದ ಮಾರುವಂತೆಯೂ ಇಲ್ಲ, ಮಾರಲೂಬಾರದು. ಕೊರತೆಯ ವಾರದಲ್ಲಿ ರೈತರು ಸ್ಟಾಕ್ ಇದ್ದಲ್ಲಿಗೆ ಹೋಗುತ್ತಾರೆ, ಅದಕ್ಕೆ ಜಾಹೀರಾತೇ ಬೇಡ. “ಯೂರಿಯಾ ಬಂದಿದೆ” ಎಂದು ಮೈಕಿನಲ್ಲಿ ಕೂಗಿಸಿದ ದಿನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ, ಗಲ್ಲಾದಲ್ಲಿ ಮಾತ್ರ ಏನೂ ಕೂಡುವುದಿಲ್ಲ.

ಹೊಸ ಮುಖ ಕಂಡಾಗ ಎರಡು ಮಾತು ಕೇಳಿ ಬರೆದಿಡುವುದು ನನ್ನ ರೂಢಿ: “ಯಾರ್ ಹೇಳಿದ್ರು ರೀ?”, “ಇದಕ್ಕ ಮೊದಲ ಎಲ್ಲಿಂದ ತರತಿದ್ರಿ?” ಎರಡನೆಯದು ಹೆಚ್ಚು ಮುಖ್ಯ. ಮೊದಲಿನಿಂದಲೂ ನಮ್ಮಲ್ಲೇ ಒಯ್ಯುತ್ತಿದ್ದ ಅಣ್ಣನ ಬದಲು ಈ ಸಲ ತಮ್ಮ ಬಂದಿದ್ದರೆ ಆತ ಜಾಹೀರಾತಿನಿಂದ ಬಂದ ಹೊಸ ಗಿರಾಕಿಯಲ್ಲ.

2. ವ್ಯಾಪಾರ ಬೇರೆ, ಉಳಿಕೆ ಬೇರೆ

ಇಲ್ಲೇ ಹೆಚ್ಚು ಜನ ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಭೀಮಾ ದಂಡೆಯ ಕಬ್ಬಿನ ರೈತರೊಬ್ಬರು ವರ್ಷಕ್ಕೆ ₹22,000 ಮಾಲು ಒಯ್ಯುತ್ತಾರೆ. ಅದರಲ್ಲಿ ಗೊಬ್ಬರ ₹14,000, ನೂರಕ್ಕೆ 3ರಂತೆ ಲಾಭ ₹420. ಔಷಧಿ ಮತ್ತು ಲಘು ಪೋಷಕಾಂಶ ₹6,000, ನೂರಕ್ಕೆ 12ರಂತೆ ₹720. ಹನಿ ನೀರಾವರಿಯ ಪೈಪು, ವಾಲ್ವ್ ₹2,000, ನೂರಕ್ಕೆ 18ರಂತೆ ₹360. ಒಟ್ಟು ₹1,500.

ಆದರೆ ಮಾಲಿನ ಅರ್ಧ ಉದ್ರಿ. “ಬಿಲ್ಲ ಬಂದಮ್ಯಾಗ ಕೊಡ್ತೀನ್ರೀ ಸಾವಕಾರ್ರ” ಅನ್ನುತ್ತಾರೆ. ಅದು ನಂಬಿಗಸ್ತ ಮಾತೇ, ಆದರೆ ಬಿಲ್ಲು ಬರುವುದು ಕಾರ್ಖಾನೆ ಕಬ್ಬು ನುರಿಸಿದ ಮೇಲೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಗಡುವು ಮೀರಿದ ವರ್ಷ ನಮ್ಮ ವಸೂಲಿಯೂ ಮುಂದಕ್ಕೆ ಹೋಗುತ್ತದೆ. ₹11,000 ಎಂಟು ತಿಂಗಳು ಹೊರಗೆ ನಿಂತರೆ ಬ್ಯಾಂಕಿಗೆ ನೂರಕ್ಕೆ 12ರಂತೆ ನಾನು ಕಟ್ಟುವ ಬಡ್ಡಿ ₹880. ಉದ್ರಿಯಲ್ಲಿ ನೂರಕ್ಕೆ ಎರಡು ರೂಪಾಯಿ ಮುಳುಗುತ್ತದೆಂದು ಹಿಡಿದರೆ ಇನ್ನೂ ₹220. ಕೊನೆಗೆ ಉಳಿಯುವುದು ₹400.

ಇನ್ನು ಮಡ್ಡಿ ಭೂಮಿಯ ಲಿಂಬೆ ರೈತರು. ಭೌಗೋಳಿಕ ಸೂಚಿ ಪಡೆದ ಇಂಡಿ ಲಿಂಬೆ ನಮ್ಮ ತಾಲ್ಲೂಕಿನದೇ. ಇವರು ವರ್ಷಕ್ಕೆ ಒಯ್ಯುವುದು ₹12,000 ಅಷ್ಟೇ, ಗೊಬ್ಬರ ₹4,000, ಔಷಧಿ ₹6,000, ಹನಿ ಸಾಮಾನು ₹2,000. ಕಜ್ಜಿ ರೋಗಕ್ಕೆ ತಾಮ್ರದ ಔಷಧಿ ಸಿಂಪಡಿಸಲೇಬೇಕಾದ್ದರಿಂದ ಪದೇ ಪದೇ ಬರುತ್ತಾರೆ. ಲಾಭ ₹120, ₹720, ₹360 ಸೇರಿ ₹1,200. ಲಿಂಬೆ ಕಿತ್ತಾಗಲೆಲ್ಲ ಮಾರುಕಟ್ಟೆಯಿಂದ ಕೈಗೆ ರೊಕ್ಕ ಬರುವುದರಿಂದ ಇವರದು ನಗದು ವ್ಯವಹಾರ. ವ್ಯಾಪಾರ ಅರ್ಧದಷ್ಟು, ಉಳಿಕೆ ಮೂರು ಪಟ್ಟು.

3. ಮೂರು ವರ್ಷದಾಚೆ ಲೆಕ್ಕ ಹಾಕಬೇಡಿ

ಹತ್ತು ಗಿರಾಕಿಗಳಲ್ಲಿ ಏಳು ಜನ ಮರುವರ್ಷವೂ ಬರುತ್ತಾರೆ ಎಂದಿಟ್ಟುಕೊಳ್ಳಿ. ಹೊಸ ಗಿರಾಕಿಯ ಮೊದಲ ವರ್ಷ ಪೂರ್ತಿ, ಎರಡನೆಯದರ 0.7, ಮೂರನೆಯದರ 0.49, ಕೂಡಿದರೆ ಹತ್ತಿರಹತ್ತಿರ 2.2 ವರ್ಷದ ಉಳಿಕೆ. ಲಿಂಬೆ ರೈತರಿಂದ ₹2,640, ಕಬ್ಬಿನ ರೈತರಿಂದ ₹880. ಗಿರಾಕಿ ತರಲು ಆದದ್ದು ₹875. ಅಂದರೆ ಕಬ್ಬಿನವರಿಗಾಗಿ ಹಾಕಿದ ಜಾಹೀರಾತು ಮೂರು ವರ್ಷ ದುಡಿದು ₹5 ಉಳಿಸುತ್ತದೆ.

ಹತ್ತು ವರ್ಷದ ಲೆಕ್ಕ ಹಾಕಿದರೆ ಯಾವ ಖರ್ಚೂ ಸರಿಯೆನಿಸಿಬಿಡುತ್ತದೆ. ನದಿ ದಂಡೆಯ ಊರಿನವರು ಹಾಗೆ ಹಾಕಬಾರದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ದಂಡೆಯ ಬೆಳೆ ನೀರಲ್ಲಿ ನಿಂತಿತು. ಅಂಥ ವರ್ಷ ಬೆಳೆಯ ಜೊತೆ ಉದ್ರಿಯೂ ನಿಲ್ಲುತ್ತದೆ.

ಇನ್ನೊಂದು ಮಿತಿ ಕೈಯಲ್ಲಿರುವ ಬಂಡವಾಳದ್ದು. ₹2,640 ಬರುವುದು ಮೂರು ವರ್ಷಕ್ಕೆ, ಫ್ಲೆಕ್ಸ್ ಅಂಗಡಿಯವರು ಕೇಳುವುದು ಈ ವಾರವೇ. ಮೊದಲ ವರ್ಷದ ಉಳಿಕೆಯ ಅರ್ಧವನ್ನು ನಾನು ಗಡಿ ಮಾಡಿಕೊಂಡಿದ್ದೇನೆ. ಲಿಂಬೆಯವರಿಗೆ ₹600, ಕಬ್ಬಿನವರಿಗೆ ₹200. ₹200ಕ್ಕೆ ಯಾವ ಜಾಹೀರಾತೂ ಉಳಿಯುವ ಗಿರಾಕಿಯನ್ನು ತಂದುಕೊಡಲಾರದು.

4. ಸರಾಸರಿ ಕಣ್ಣು ಕಟ್ಟುತ್ತದೆ

₹875 ಸರಾಸರಿ. ಒಡೆದು ನೋಡಿದರೆ ಮೊದಲ ₹7,000ದಲ್ಲಿ 14 ಜನ ಉಳಿದಿದ್ದರು, ತಲೆಗೆ ₹500. ಆಮೇಲೆ ಸುರಿದ ₹14,000 ತಂದದ್ದು 10 ಜನರನ್ನು, ತಲೆಗೆ ₹1,400. ಮೊದಲ ಭಾಗ ಗಡಿಯೊಳಗಿದೆ, ಎರಡನೆಯದು ಲಿಂಬೆ ರೈತರ ಇಡೀ ಮೊದಲ ವರ್ಷವನ್ನೇ ನುಂಗುತ್ತದೆ. ಹೀಗಾಗಿ ದುಡ್ಡನ್ನು ಒಂದೇ ಸಲ ಹಾಕದೆ ಹದಿನೈದು ದಿನದ ಕಂತಿನಲ್ಲಿ ಹಾಕಿ, ಪ್ರತಿ ಕಂತಿನ ಹೊಸ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

ಮೊಬೈಲ್ ಜಾಹೀರಾತಿನಲ್ಲಿ ಊರ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯಬಹುದು. ಆ ವೃತ್ತಕ್ಕೆ ನದಿ ಗೊತ್ತಿಲ್ಲ. ಸೇತುವೆ ಸುತ್ತಿ ಬರಬೇಕಾದ ಆಚೆ ದಂಡೆಯವರು ಜಾಹೀರಾತು ನೋಡುತ್ತಾರೆ, ಮೆಚ್ಚುತ್ತಾರೆ, ಬರುವುದಿಲ್ಲ. ದೊಡ್ಡದೊಂದು ವೃತ್ತದ ಬದಲು ಮಡ್ಡಿ ಕಡೆಯ ಲಿಂಬೆ ಊರುಗಳ ಮೇಲೆ ಸಣ್ಣ ಸಣ್ಣ ವೃತ್ತ ಇಡಿ.

5. ಹಳೆಯ ಗಿರಾಕಿಯ ಬೆಲೆ ಏರಿಸಬಹುದು

ಕಬ್ಬಿನ ರೈತರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಅವರು ನಮ್ಮವರೇ. ಅವರ ಉಳಿಕೆಯನ್ನು ತಿನ್ನುವುದು ಉದ್ರಿ. ವರ್ಷವಿಡೀ ನಗದು ಕೊಟ್ಟರೆ ಔಷಧಿ, ಹನಿ ಸಾಮಾನಿನ ಬಿಲ್ಲಿನಲ್ಲಿ ₹400 ಬಿಡುತ್ತೇನೆ ಎಂದರೆ ಅವರಿಗೆ ಲಾಭ. ನನಗೂ ₹1,500ರಲ್ಲಿ ₹1,100 ಉಳಿಯುತ್ತದೆ, ಮೊದಲಿದ್ದ ₹400ಕ್ಕಿಂತ ₹700 ಹೆಚ್ಚು, ಒಂದು ಫ್ಲೆಕ್ಸೂ ಇಲ್ಲದೆ.

ಈ ಮಾತನ್ನು ಜೂನ್‌ನಲ್ಲಿ ಆಡಿ ಪ್ರಯೋಜನವಿಲ್ಲ, ಆಗ ಯಾರ ಕೈಯಲ್ಲೂ ರೊಕ್ಕ ಇರುವುದಿಲ್ಲ. ಕಬ್ಬಿನ ಬಿಲ್ಲು ಜಮೆಯಾಗಿ ಹಳೆ ಬಾಕಿ ತೀರಿಸಲು ಬಂದ ದಿನವೇ ಮುಂದಿನ ಹಂಗಾಮಿನ ಔಷಧಿಗೆ ಮುಂಗಡ ಕೇಳಬೇಕು. ಎಲ್ಲರೂ ಒಪ್ಪುವುದಿಲ್ಲ. ಮಗಳ ಮದುವೆ, ಬೋರ್‌ವೆಲ್ ಎಂದು ಖರ್ಚು ಎದುರಿಗಿರುವವರನ್ನು ಒತ್ತಾಯಿಸುವುದೂ ತಪ್ಪು. ಒಪ್ಪಿದವರ ಹೆಸರಿನ ಮುಂದೆ ವಹಿಯಲ್ಲಿ ಮುಂಗಡದ ಮೊತ್ತ, ತಾರೀಖು ಬರೆದು ಅವರ ಎದುರೇ ಓದಿ ತೋರಿಸುತ್ತೇನೆ, ಚೀಟಿಯನ್ನೂ ಕೊಡುತ್ತೇನೆ.