ಬುಕಿಂಗ್ ಹಣ ನೀಡುವ ಮುನ್ನ: ರೇರಾ ನೋಂದಣಿ ಮತ್ತು ಮುಕ್ತಾಯದ ದಿನಾಂಕದ ಪರಿಶೀಲನೆ

ನಿರ್ಮಾಣ ಹಂತದಲ್ಲಿರುವ ವಸತಿ ಸಮುಚ್ಚಯದಲ್ಲಿ ಮನೆ ಕೊಳ್ಳುವವರು ಮೊದಲಿಗೆ ಪಾವತಿಸುವುದು ಬುಕಿಂಗ್ ಹಣ. ಆ ಹೊತ್ತಿಗೆ ಅವರ ಕೈಯಲ್ಲಿರುವುದು ಸಾಮಾನ್ಯವಾಗಿ ಬಣ್ಣದ ಕೈಪಿಡಿ ಮತ್ತು ಮಾರಾಟ ಪ್ರತಿನಿಧಿಯ ಮಾತು ಮಾತ್ರ. ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016 ಇದಕ್ಕಿಂತ ಗಟ್ಟಿಯಾದ ಆಧಾರವನ್ನು ಒದಗಿಸಿದೆ. ಅದರ 3ನೇ ಪ್ರಕರಣದಂತೆ, ನೋಂದಣಿಯಾಗದ ಯೋಜನೆಯ ಜಾಹೀರಾತು ನೀಡುವುದಾಗಲಿ, ಬುಕಿಂಗ್ ಸ್ವೀಕರಿಸುವುದಾಗಲಿ ನಿಷಿದ್ಧ. ಜಮೀನು 500 ಚದರ ಮೀಟರ್ ಮೀರದ ಅಥವಾ ಎಲ್ಲ ಹಂತಗಳೂ ಸೇರಿ 8 ಮನೆಗಳನ್ನು ಮೀರದ ಯೋಜನೆಗಳಿಗೆ ಮಾತ್ರ ಗಾತ್ರದ ಕಾರಣದಿಂದ ವಿನಾಯಿತಿಯುಂಟು.

ಒಂದು ಕಲ್ಪಿತ ಪ್ರಸಂಗದಿಂದ ಪರಿಶೀಲನೆಯ ಕ್ರಮವನ್ನು ತಿಳಿಯಬಹುದು. ಹುಬ್ಬಳ್ಳಿಯ ವರ್ತಕರೊಬ್ಬರು ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿ ಬೆಲೆಯ ಮನೆಯನ್ನು ಕಾಯ್ದಿರಿಸಲು ಹೊರಟಿದ್ದಾರೆ. ಮನೆ ಇರುವುದು ಯೋಜನೆಯ ಎರಡನೆಯ ಹಂತದಲ್ಲಿ. 2027ರ ಡಿಸೆಂಬರ್‌ನಲ್ಲಿ ಸ್ವಾಧೀನ ದೊರೆಯುವುದೆಂದು ಮಾರಾಟ ಪ್ರತಿನಿಧಿ ಹೇಳಿದ್ದಾರೆ. ಕೈಪಿಡಿಯಲ್ಲಿ ರೇರಾ ಸಂಖ್ಯೆಯೂ ಮುದ್ರಿತವಾಗಿದೆ.

ಮೊದಲನೆಯ ಕೆಲಸ ಆ ಸಂಖ್ಯೆಯನ್ನು ಅಕ್ಷರಶಃ ಓದುವುದು. ಕರ್ನಾಟಕದಲ್ಲಿ ನೋಂದಣಿಯಾದ ಯೋಜನೆಯ ಸಂಖ್ಯೆ PRM/KA/RERA ಎಂದು ಆರಂಭವಾಗುತ್ತದೆ. ಅದರ ನಡುವೆ ಬರುವ PR ಎಂಬುದು ಯೋಜನೆಯನ್ನೂ AG ಎಂಬುದು ಮಧ್ಯವರ್ತಿಯನ್ನೂ ಸೂಚಿಸುತ್ತದೆ. ACK ಎಂದು ಆರಂಭವಾಗುವ ಸಂಖ್ಯೆ ಅರ್ಜಿ ಸಲ್ಲಿಕೆಯಾದುದಕ್ಕೆ ಸಿಕ್ಕ ಸ್ವೀಕೃತಿಯಷ್ಟೇ. ಅರ್ಜಿ ತಿರಸ್ಕೃತವಾಗಲೂಬಹುದು. ಆದುದರಿಂದ ಸ್ವೀಕೃತಿಯ ಬಲದ ಮೇಲೆ ಹಣ ಪಡೆಯುವ ಅಧಿಕಾರ ಪ್ರವರ್ತಕರಿಗೆ ಇರುವುದಿಲ್ಲ.

ಎರಡನೆಯದಾಗಿ, ಆ ಸಂಖ್ಯೆಯನ್ನು rera.karnataka.gov.in ಜಾಲತಾಣದ ಯೋಜನೆಗಳ ವಿಭಾಗದಲ್ಲಿ ಹುಡುಕಿ, ಅಲ್ಲಿರುವ ಪ್ರವರ್ತಕರ ಹೆಸರು, ವಿಳಾಸ, ಕಟ್ಟಡದ ಹೆಸರು ಮತ್ತು ಮನೆಗಳ ಸಂಖ್ಯೆಯನ್ನು ಕೈಪಿಡಿಯೊಡನೆ ಹೋಲಿಸಬೇಕು. ಹಂತಹಂತವಾಗಿ ಕಟ್ಟುವ ಯೋಜನೆಯ ಪ್ರತಿಯೊಂದು ಹಂತಕ್ಕೂ ಪ್ರತ್ಯೇಕ ನೋಂದಣಿ ಅಗತ್ಯ. ನಮ್ಮ ಪ್ರಸಂಗದಲ್ಲಿ ಕೈಪಿಡಿಯ ಸಂಖ್ಯೆ ಮೊದಲನೆಯ ಹಂತದ್ದು! ಎರಡನೆಯ ಹಂತದ ನೋಂದಣಿ ಸಂಖ್ಯೆ ಬೇರೆಯೇ ಆಗಿದ್ದು, ಅದರ ಮುಕ್ತಾಯದ ದಿನಾಂಕ 2029ರ ಜೂನ್ 30 ಎಂದು ದಾಖಲಾಗಿದೆ.

ಬಾಯಿಮಾತಿಗೂ ದಾಖಲೆಗೂ 18 ತಿಂಗಳ ಅಂತರ. ವರ್ತಕರು ಈಗ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಡುತ್ತಿದ್ದರೆ, ಈ ಅಂತರದ ವೆಚ್ಚ 3,60,000 ರೂಪಾಯಿ. ಸಾಲದ ಬಡ್ಡಿ ಇದಕ್ಕೆ ಹೊರತಾದುದು. ಜಾಲತಾಣದ ದಿನಾಂಕವೂ ಕೊನೆಯ ಮಾತಲ್ಲ. ಪ್ರಕೃತಿ ವಿಕೋಪದಂತಹ ಅನಿವಾರ್ಯ ಕಾರಣಗಳಿಗೆ ನೀಡುವ ವಿಸ್ತರಣೆಯಲ್ಲದೆ, ಪ್ರವರ್ತಕರ ತಪ್ಪಿಲ್ಲದ ಸಮಂಜಸ ಸಂದರ್ಭಗಳಲ್ಲಿ ಒಟ್ಟು ಒಂದು ವರ್ಷದವರೆಗೆ ಅವಧಿ ವಿಸ್ತರಿಸಲು 6ನೇ ಪ್ರಕರಣದಲ್ಲಿ ಅವಕಾಶವಿದೆ. ಈಗಾಗಲೇ ವಿಸ್ತರಣೆ ಪಡೆದಿದ್ದರೆ, ಮೂಲ ದಿನಾಂಕ ತಪ್ಪಿದೆಯೆಂದೇ ಅರ್ಥ. ಪ್ರವರ್ತಕರು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿಯನ್ನು ನೋಡಿ, ಉಳಿದ ಕಾಲದಲ್ಲಿ ಉಳಿದ ಕೆಲಸ ಮುಗಿಯಬಲ್ಲದೇ ಎಂದು ಸ್ಥಳದಲ್ಲೇ ತಾಳೆ ನೋಡುವುದು ಒಳ್ಳೆಯದು.

ಮೂರನೆಯದು ಕ್ರಯದ ಕರಾರು. ನೋಂದಣಿಯಲ್ಲಿರುವ ದಿನಾಂಕ ಪ್ರವರ್ತಕರು ಪ್ರಾಧಿಕಾರಕ್ಕೆ ನೀಡಿದ ಘೋಷಣೆ. ಖರೀದಿದಾರರಿಗೆ ನೀಡುವ ವಾಗ್ದಾನ ಕರಾರಿನಲ್ಲಿ ಇರತಕ್ಕದ್ದು. ಸ್ವಾಧೀನ ವಿಳಂಬವಾದಾಗ ಬಡ್ಡಿಸಹಿತ ಹಣ ಹಿಂಪಡೆಯುವ, ಇಲ್ಲವೇ ಯೋಜನೆಯಲ್ಲಿ ಉಳಿದು ಪ್ರತಿ ತಿಂಗಳ ವಿಳಂಬಕ್ಕೆ ಬಡ್ಡಿ ಪಡೆಯುವ 18ನೇ ಪ್ರಕರಣದ ಹಕ್ಕಿಗೆ ಕರಾರಿನ ದಿನಾಂಕವೇ ಆಧಾರ. ನೋಂದಣಿಯ ಅವಧಿ ಇನ್ನೂ ಚಾಲ್ತಿಯಲ್ಲಿದೆ ಎಂಬ ಕಾರಣಕ್ಕೆ ಖರೀದಿದಾರರ ದಾವೆಯ ಹಕ್ಕು ಮುಂದೂಡಲ್ಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದಕಾರಣ ಕರಾರಿನ ಕರಡನ್ನು ಹಣ ನೀಡುವ ಮೊದಲೇ ಕೇಳಿ ಪಡೆಯಬೇಕು. ಸ್ವಾಧೀನದ ದಿನಾಂಕ ಖಾಲಿ ಬಿಟ್ಟಿದೆಯೇ, ಅದರ ಮುಂದೆ ಹೆಚ್ಚುವರಿ ಆರು ತಿಂಗಳ ರಿಯಾಯಿತಿ ಅವಧಿ ಸೇರಿಸಿದೆಯೇ ಎಂಬುದನ್ನು ಗಮನಿಸಬೇಕು.

ಕೊನೆಯದಾಗಿ ಹಣದ ಮಿತಿ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನು 13ನೇ ಪ್ರಕರಣ ನಿಷೇಧಿಸುತ್ತದೆ. 60 ಲಕ್ಷಕ್ಕೆ ಈ ಮಿತಿ 6 ಲಕ್ಷ. ಪ್ರವರ್ತಕರು 9 ಲಕ್ಷ ಕೇಳಿದರೆ, ಕರಾರು ನೋಂದಣಿಯಾದ ನಂತರವೇ ಉಳಿದ 3 ಲಕ್ಷ ಕೊಡುವುದಾಗಿ ತಿಳಿಸಬಹುದು. ಮಿತಿಯೊಳಗಿನ ಹಣವನ್ನೂ ನಗದಾಗಿ ಕೊಡದೆ ಬ್ಯಾಂಕಿನ ಮೂಲಕ ಪಾವತಿಸಿ, ರಸೀದಿಯಲ್ಲಿ ನೋಂದಣಿ ಸಂಖ್ಯೆ ಹಾಗೂ ಮನೆಯ ಸಂಖ್ಯೆಯನ್ನು ಬರೆಸಿಕೊಳ್ಳತಕ್ಕದ್ದು. ಬುಕಿಂಗ್ ರದ್ದಾದರೆ ಎಷ್ಟು ಹಣ ಕಡಿತವಾಗುವುದೆಂಬ ಷರತ್ತನ್ನು ಅರ್ಜಿ ನಮೂನೆಗೆ ಸಹಿ ಹಾಕುವ ಮುನ್ನವೇ ಓದಿಕೊಳ್ಳಬೇಕು.

ನಮ್ಮ ವರ್ತಕರು ಎರಡನೆಯ ಹಂತದ ನೋಂದಣಿ ಪತ್ರ ಮತ್ತು ಕರಾರಿನ ಕರಡನ್ನು ಲಿಖಿತವಾಗಿ ಕೇಳಿದ್ದಾರೆ. 2027ರ ಡಿಸೆಂಬರ್ ಎಂಬ ದಿನಾಂಕವನ್ನು ಕರಾರಿನಲ್ಲಿ ಬರೆಯಲು ಪ್ರವರ್ತಕರು ಒಪ್ಪದಿದ್ದರೆ, 2029ರ ಜೂನ್‌ವರೆಗಿನ ಬಾಡಿಗೆಯನ್ನೂ ಬೆಲೆಗೆ ಕೂಡಿಸಿಕೊಂಡು, ಆ ಮನೆ ತಮಗೆ ಕೈಗೆಟುಕುವುದೇ ಎಂದು ಅವರು ನಿರ್ಧರಿಸಬಹುದು. ಅಲ್ಲಿಯವರೆಗೆ ಚೆಕ್ಕು ಅವರ ಬಳಿಯಲ್ಲೇ ಇರುತ್ತದೆ.